ಬೈಯೋದಿಲ್ಲ, ತನ್ನಿ

ಕಿಡ್ನಿ ವಾರ್ಡಿನಲ್ಲಿ ದೊಡ್ಡ ಸಿಸ್ಟರ್ ಬಾಯಿಗೆ ಹೆದರದವರಿರಲಿಲ್ಲ. ಹಾಗಂತ ಆ ಬಾಯಿ ಬೇಡ ಅಂದವರೂ ಇರಲಿಲ್ಲ. ಎರಡೂ ಕಿಡ್ನಿ ಕೈಕೊಟ್ಟು, ಹೊಟ್ಟೆಗೆ ಮೆತ್ತನೆಯ ನಳಿಗೆಯೊಂದನ್ನು ಹಾಕಿಸಿಕೊಂಡವರು ಮೊದಲು ಬರುತ್ತಿದ್ದುದು ಆಕೆಯ ಕೋಣೆಗೆ. ಇನ್ನು ಮೇಲೆ ದಿನಕ್ಕೆ ನಾಲ್ಕು ಸಲ ಮನೆಯಲ್ಲೇ ಬ್ಯಾಗು ತೂಗುಹಾಕಿ, ಹೊಟ್ಟೆಯೊಳಗೆ ರಕ್ತದ ಕೊಳೆ ಎಳೆದುಕೊಂಡ ಹಳೆಯ ನೀರನ್ನು ಇಳಿಸಿ ಹೊಸದನ್ನು ತುಂಬಿಸಿಕೊಳ್ಳಬೇಕು ಎಂದು ಡಾಕ್ಟರು ಹೇಳಿ ಕಳಿಸಿರುತ್ತಿದ್ದರು. ಮನೆಯವರ ಮುಖದಲ್ಲಿ ರಕ್ತವೇ ಇರುತ್ತಿರಲಿಲ್ಲ. ನಾವಾ? ಮನೆಯಲ್ಲಾ? ಡಾಕ್ಟರಿಲ್ಲದೆ?

'ನೀವಲ್ದೆ ಇನ್ಯಾರು ಪಕ್ಕದ ಮನೆಯವರು ಬಂದು ಮಾಡ್ತಾರಾ?' ಎಂದು ದೊಡ್ಡ ಸಿಸ್ಟರ್ ಶುರು ಮಾಡುತ್ತಿದ್ದಳು. ಆಮೇಲೆ ನಿಲ್ಲಿಸುತ್ತಲೇ ಇರಲಿಲ್ಲ.

ಆಕೆ ಕಲಿಸುವ ರೀತಿಯೇ ಬೇರೆ. ಪಾಠ ಹೇಳುವುದು ಕಡಿಮೆ. ನಳಿಗೆ ಹೊಲಿದಿದ್ದ ಒಂದು ಏಪ್ರನ್ನನ್ನು ಎದುರಿಗಿದ್ದವರ ಸೊಂಟಕ್ಕೆ ಕಟ್ಟಿ, ಬ್ಯಾಗು ಕೈಗೆ ಕೊಟ್ಟು, 'ಹೂಂ, ಮಾಡಿ ನೋಡೋಣ' ಎಂದು ಕೈಕಟ್ಟಿ ನಿಲ್ಲುವಳು. ಅವರು ತಪ್ಪಿದಲ್ಲೆಲ್ಲ ಆಕೆಗೆ ಮಾತು ಹುಟ್ಟುತ್ತಿತ್ತು. 'ಫ್ಯಾನ್ ಯಾಕೆ ತಿರುಗ್ತಾ ಇದೆ? ಧೂಳೆಲ್ಲ ನಿಮ್ಮ ಯಜಮಾನ್ರ ಹೊಟ್ಟೆಗೆ ಹೋಗ್ಲಿ ಅಂತಾನಾ?' 'ಮಾಸ್ಕ್ ಮೂಗಿಗೆ, ಗಲ್ಲಕ್ಕಲ್ಲ.' ಬೈಸಿಕೊಂಡವರು ನಗುತ್ತಿದ್ದರು, ಕಲಿಯುತ್ತಿದ್ದರು. ಮನೆಗೆ ಹೋದಮೇಲೆ ಒಬ್ಬರೇ ಬ್ಯಾಗು ಹಿಡಿದಾಗಲೂ ಆ ದನಿ ಕಿವಿಯಲ್ಲಿ ಗುಯ್‌ಗುಡುತ್ತಿತ್ತಂತೆ.

ಆದರೆ ಆ ದನಿಗೂ ವಯಸ್ಸಾಗಿತ್ತು. ಮಂಡಿ ನೋವು, ಬೆನ್ನು ನೋವು, ಸಾಲದ್ದಕ್ಕೆ ಮಧ್ಯಾಹ್ನದ ಹೊತ್ತಿಗೆ ಗಂಟಲು ಕಟ್ಟುವುದು. ವರ್ಷದ ಕೊನೆಗೆ ನಿವೃತ್ತಿ. ಆಕೆಯ ಜಾಗಕ್ಕೆ ಯಾರೂ ಬರುವುದಿಲ್ಲ ಎಂದು ಮೇಲಿನವರು ಆಗಲೇ ಹೇಳಿಬಿಟ್ಟಿದ್ದರು. ಇರುವ ಚಿಕ್ಕ ಸಿಸ್ಟರುಗಳಿಗೆ ವಾರ್ಡಿನ ಕೆಲಸದಲ್ಲೇ ಉಸಿರಾಡಲು ಪುರುಸೊತ್ತಿಲ್ಲ. 'ನೀವು ಹೇಳೋದನ್ನೆಲ್ಲ ಒಂದು ವಿಡಿಯೋ ಮಾಡಿಟ್ಟು ಹೋಗಿ ಸಿಸ್ಟರ್. ಜನ ಮನೇಲಿ ಫೋನಲ್ಲಿ ನೋಡ್ಕೊಳ್ತಾರೆ' ಎಂದರು ಡಾಕ್ಟರು. ಹೇಳುವುದೇನೋ ಸುಲಭ.

ಇಂಥ ಮಾತಿನ ಮಲ್ಲಿಗೂ ಕ್ಯಾಮೆರಾ ಕಂಡರೆ ಜೀವ ಬಾಯಿಗೆ ಬರುತ್ತದೆಂದು ಯಾರಿಗೆ ಗೊತ್ತಿತ್ತು? ಮದುವೆ ಮನೆಗಳಲ್ಲಿ ವಿಡಿಯೋದವನು ಬರುತ್ತಿದ್ದಂತೆ ಯಾರದೋ ಬೆನ್ನ ಹಿಂದೆ ಸೇರಿಕೊಳ್ಳುವ ಹೆಂಗಸು ಆಕೆ. ಆ ಹೆದರಿಕೆಗೆ ಬರವಣಿಗೆಯ ಆಸರೆ ಇರಲೆಂದು ಹೇಳಬೇಕಾದುದನ್ನೆಲ್ಲ ಹಾಳೆಯ ಮೇಲೆ ಬರೆದಳು. ಬರೆದುದನ್ನು ಗಂಡನಿಗೆ ತೋರಿಸಿದಳು. ಗಂಡ ಭಾಷೆಯ ಮೇಷ್ಟ್ರಾಗಿ ನಿವೃತ್ತರಾದವರು; ತಿದ್ದಲು ಏನೂ ಸಿಗದೆ ಮನೆಯಲ್ಲಿ ಒದ್ದಾಡುತ್ತಿದ್ದವರಿಗೆ ಹಬ್ಬವಾಯಿತು. 'ಕೈ ತೊಳ್ಕೊಳ್ಳಿ' ಎಂದಿದ್ದದ್ದು 'ಹಸ್ತಗಳನ್ನು ಶುಚಿಗೊಳಿಸತಕ್ಕದ್ದು' ಆಯಿತು. 'ನೀರು ಮಬ್ಬಾಗಿದೆಯಾ ನೋಡಿ' ಎಂದಿದ್ದದ್ದು 'ಹೊರಬಂದ ದ್ರವದ ಪಾರದರ್ಶಕತೆಯನ್ನು ಪರಿಶೀಲಿಸತಕ್ಕದ್ದು' ಆಯಿತು.

'ಇದು ಜನಕ್ಕೆ ಅರ್ಥ ಆಗುತ್ತೇನ್ರೀ?' ಎಂದಳು.

'ನಾಲ್ಕು ಜನ ನೋಡೋದು ಕಣೇ. ಮರ್ಯಾದೆಯಾಗಿರ್ಬೇಕು' ಎಂದರು ಮೇಷ್ಟ್ರು.

ಆಸ್ಪತ್ರೆಯ ಕ್ಯಾಮೆರಾದವನು ಬಂದು ಲೈಟು ಹಾಕಿದ. ಆಕೆ ಗರಿಗರಿ ಸೀರೆಯಲ್ಲಿ ಹಾಳೆಯನ್ನು ಎದೆಗೆ ಹಿಡಿದು ಕುಳಿತಳು. ಕೆಂಪು ದೀಪ ಹತ್ತಿದ್ದೇ ತಡ, ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತು. ಹುಬ್ಬು ಗಂಟಿಕ್ಕಿ, ತುಟಿ ಬಿಗಿದು, ಕಣ್ಣನ್ನು ಹಾಳೆಯಿಂದ ಎತ್ತದೆ ಮೊದಲಿಂದ ಕೊನೆಯವರೆಗೆ ಓದಿ ಮುಗಿಸಿದಳು. ಒಂದು ಅಕ್ಷರವೂ ತಪ್ಪಲಿಲ್ಲ. 'ಆಯ್ತಾ? ಇನ್ನು ನನ್ನ ಬಿಟ್ಟುಬಿಡಿ' ಎಂದು ಎದ್ದು ಹೋಗಿ ಎರಡು ಲೋಟ ನೀರು ಕುಡಿದಳು. ವಿಡಿಯೋ ಎಲ್ಲರ ಫೋನಿಗೆ ಹೋಯಿತು.

ಅದಾದ ಮೇಲೆ ಬಸ್ ಡ್ರೈವರೊಬ್ಬರು ಬಂದರು. ಬಂದರು ಎನ್ನುವುದಕ್ಕಿಂತ ಸ್ಟ್ರೆಚರಿನಲ್ಲಿ ತಂದರು. ಹೊಟ್ಟೆಗೆ ಸೋಂಕು ಹತ್ತಿ, ಜ್ವರದಲ್ಲಿ ಮೈ ಕೆಂಡವಾಗಿತ್ತು, ಮುಟ್ಟಿದರೆ ಕಿರುಚುತ್ತಿದ್ದರು. ಹೊಟ್ಟೆಯಿಂದ ಇಳಿದ ನೀರು ಅಕ್ಕಿ ತೊಳೆದ ನೀರಿನ ಬಣ್ಣಕ್ಕಿತ್ತು. ಅವರಿಗೆ ನಳಿಗೆ ಹಾಕಿದಾಗ ದೊಡ್ಡ ಸಿಸ್ಟರ್ ಮಂಡಿ ನೋವಿಗೆ ರಜೆಯಲ್ಲಿದ್ದಳು. ಚಿಕ್ಕ ಸಿಸ್ಟರೊಬ್ಬಳು ಅವರ ಹೆಂಡತಿಗೆ ಅವಸರದಲ್ಲಿ ಒಂದೆರಡು ಸಲ ತೋರಿಸಿ, 'ಮಿಕ್ಕಿದ್ದೆಲ್ಲ ವಿಡಿಯೋದಲ್ಲಿದೆ' ಎಂದು ಕಳಿಸಿದ್ದಳು.

ನೀರು ಮಬ್ಬಾದ ದಿನವೇ ಬಂದಿದ್ದರೆ ಇಷ್ಟಾಗುತ್ತಿರಲಿಲ್ಲ. ಆ ಬ್ಯಾಗನ್ನು ಎಸೆಯದೆ ತರಬೇಕು, ಅದರಲ್ಲಿ ಯಾವ ಸೋಂಕಿದೆ ಎಂದು ಲ್ಯಾಬಿನಲ್ಲಿ ನೋಡಿ ಔಷಧಿ ಕೊಡಬೇಕು. ಬೇಗ ಬಂದರೆ ಬಹಳ ಮಂದಿ ಚೇತರಿಸಿಕೊಳ್ಳುತ್ತಾರೆ. ಡ್ರೈವರ ಹೆಂಡತಿ ಬ್ಯಾಗುಗಳನ್ನು ಒಂದರ ಹಿಂದೊಂದು ಬರಿದು ಮಾಡಿ ಕಸಕ್ಕೆ ಹಾಕಿದ್ದಳು. ಈಗ ಔಷಧಿ ಹಿಡಿಯದಿದ್ದರೆ ನಳಿಗೆಯನ್ನೇ ತೆಗೆಯಬೇಕಾಗಬಹುದು ಎಂದರು ಡಾಕ್ಟರು. ಔಷಧಿ ಹಿಡಿಯಿತು. ಜೀವ ಉಳಿಯಿತು, ನಳಿಗೆಯೂ ಉಳಿಯಿತು. ಆದರೆ ದೊಡ್ಡ ಸಿಸ್ಟರ್‌ಗೆ ಊಟ ಸೇರಲಿಲ್ಲ. ವಿಡಿಯೋದಲ್ಲಿ ಎಲ್ಲ ಹೇಳಿದ್ದೆನಲ್ಲ, ಒಂದನ್ನೂ ಬಿಟ್ಟಿರಲಿಲ್ಲವಲ್ಲ ಎಂದು ಮನಸ್ಸು ಕೊರೆಯುತ್ತಲೇ ಇತ್ತು. ತಾನು ಹೋದಮೇಲೆ ಉಳಿಯುವುದು ಅದೊಂದೇ. ಅದು ಕೆಲಸಕ್ಕೆ ಬಾರದಿದ್ದರೆ ಇನ್ನೆಷ್ಟು ಜನ ಸ್ಟ್ರೆಚರಿನಲ್ಲಿ ಬರಬೇಕೋ?

ಇನ್ನೊಂದು ಸಲ ತೆಗೆಯೋಣ ಎಂದು ಆಕೆಯೇ ಕ್ಯಾಮೆರಾದವನಿಗೆ ಹೇಳಿಕಳಿಸಿದಳು. ಅವನಿಗೂ ಅಂದು ಕೆಲಸ ಸಾಕುಸಾಕಾಗಿತ್ತು. ಬೆಳಗಿನಿಂದ ಯಾವುದೋ ಉದ್ಘಾಟನೆಯಲ್ಲಿ ರಿಬ್ಬನ್ ಕತ್ತರಿಸುವವರ ಬೆರಳುಗಳ ವಿಡಿಯೋ ತೆಗೆದು ತೆಗೆದು ಸೋತು ಬಂದಿದ್ದ. ಬರುವಾಗ ಹಾಳೆಯ ಅಕ್ಷರಗಳು ಲೆನ್ಸಿನ ಮುಂದೆಯೇ ತೇಲುವಂಥ ಗಾಜಿನ ಪಟ್ಟಿಯೊಂದನ್ನು ತಂದ. 'ತಲೆ ತಗ್ಗಿಸ್ಬೇಕಾಗಿಲ್ಲ ಸಿಸ್ಟರ್, ನೇರ ನೋಡ್ಕೊಂಡೇ ಓದ್ಬಹುದು' ಎಂದ. ಓದಿದಳು. ತೆಗೆದುದನ್ನು ನೋಡಿದರೆ ಆಕೆಯ ಕಣ್ಣುಗುಡ್ಡೆಗಳು ಗೋಡೆಯ ಮೇಲಿನ ಹಲ್ಲಿಯನ್ನು ಹಿಂಬಾಲಿಸುವಂತೆ ಎಡದಿಂದ ಬಲಕ್ಕೆ ಓಡುತ್ತಿದ್ದವು.

'ಬಾಯಿಪಾಠ ಮಾಡ್ಕೊಂಡು ಬರ್ಲಾ?' ಎಂದಳು. ಮಾಡಿಕೊಂಡೂ ಬಂದಳು. ಒಂದು ಪದ ಮರೆತರೆ ಇಡೀ ಸಾಲು ಕೈಬಿಡುತ್ತಿತ್ತು, ಮರೆತ ಪದವನ್ನು ಸೂರಿನಲ್ಲಿ ಹುಡುಕುತ್ತಿದ್ದಳು. ಪ್ರತಿ ತಪ್ಪಿಗೂ 'ಅಯ್ಯೋ, ಮೊದ್ಲಿಂದ ತಗೊಳಪ್ಪಾ' ಎನ್ನುವಳು.

'ಮೊದ್ಲಿಂದ ಬೇಡ ಸಿಸ್ಟರ್. ತಪ್ಪಿದ್ರೆ ಸುಮ್ನೆ ಒಂದು ಉಸಿರು ಬಿಟ್ಟು ಆ ಮಾತೊಂದನ್ನ ಮತ್ತೆ ಹೇಳಿ. ತಪ್ಪಿದ್ದನ್ನ ನಾನು ಕತ್ತರಿಸ್ಕೋತೀನಿ. ನಿಮ್ಮ ಫ್ರೆಂಡ್ ಜೊತೆ ಮಾತಾಡ್ತಿದೀನಿ ಅಂದ್ಕೊಳ್ಳಿ.'

'ನನ್ನ ಫ್ರೆಂಡ್ಸಿಗೆಲ್ಲ ಎರಡೆರಡು ಕಣ್ಣಿದೆ ಕಣಪ್ಪಾ. ಇದು ಒಕ್ಕಣ್ಣಲ್ಲಿ ಗುರಾಯಿಸ್ತಾ ಇದೆ.'

ಅವನು ನಕ್ಕ. ಈಗ ಆಡಿದ ಈ ಮಾತು ಎಷ್ಟು ಸಲೀಸಾಗಿ ಬಂತು ನೋಡಿ ಎನ್ನಲು ಬಾಯಿ ತೆರೆದವನು ಆಕೆಯ ಮುಖ ನೋಡಿ ಮಾತು ಬದಲಿಸಿದ. ಅಂದಿಗೆ ಸಾಕು ಎಂದು ವಯರು ಸುತ್ತತೊಡಗಿದ.

ಅಷ್ಟರಲ್ಲಿ ಡ್ರೈವರ ಹೆಂಡತಿ ಬಾಗಿಲಲ್ಲಿ ಕಾಣಿಸಿಕೊಂಡಳು. ಗಂಡನನ್ನು ಮನೆಗೆ ಕಳಿಸುವ ಮುಂಚೆ ಆಕೆಗೆ ಮೊದಲಿನಿಂದ ಕಲಿಸಬೇಕೆಂದು ದೊಡ್ಡ ಸಿಸ್ಟರೇ ಆ ಹೊತ್ತಿಗೆ ಬರಹೇಳಿದ್ದಳು, ಮರೆತಿದ್ದಳು. ಆಕೆ ಬಂದು ಕುರ್ಚಿಯ ತುದಿಯಲ್ಲಿ ಕುಳಿತಳು. ಕೋಣೆಯಲ್ಲಿ ಫ್ಯಾನಿಲ್ಲದೆ ಸೆಕೆ. ಮೂವರೂ ಬೆವರುತ್ತಿದ್ದರು, ಮೂವರಿಗೂ ಸಾಕಾಗಿತ್ತು.

'ವಿಡಿಯೋ ನೋಡಿದ್ಯಾ ಇಲ್ವಾ, ನಿಜ ಹೇಳಮ್ಮ' ಎಂದಳು ದೊಡ್ಡ ಸಿಸ್ಟರ್. ಕೇಳುವ ಧೈರ್ಯ ಇದುವರೆಗೆ ಬಂದಿರಲಿಲ್ಲ.

'ನೋಡ್ದೆ ಸಿಸ್ಟರ್. ಮೂರ್ನಾಲ್ಕು ಸಲ ನೋಡ್ದೆ.'

'ಅರ್ಥ ಆಗ್ಲಿಲ್ವಾ?'

'ಅರ್ಧ ಆಗ್ಲಿಲ್ಲ. ಆದ್ರೆ ನೀರು ಸರಿಯಿಲ್ಲ ಅಂತ ಗೊತ್ತಾಯ್ತು. ಕಣ್ಣಿಗೆ ಕಾಣ್ತಿತ್ತಲ್ಲ.'

'ಮತ್ತೆ ಎಸೆದೆ ಯಾಕೆ?'

ಆಕೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. 'ನೀವು ಹೇಗಿದೀರ ಅಂತ ಈಗ ಗೊತ್ತಾಗಿದೆ. ಆಗ ನಿಮ್ಮನ್ನ ನೋಡಿದ್ದು ಆ ವಿಡಿಯೋದಲ್ಲಿ ಮಾತ್ರ. ಮುಖ ಗಂಟಿಕ್ಕೊಂಡು, ಕೋರ್ಟಲ್ಲಿ ಶಿಕ್ಷೆ ಓದ್ದಂಗೆ ಓದ್ತಿದ್ರಿ. ಒಂದ್ಸಲಾನೂ ತಲೆ ಎತ್ತಲಿಲ್ಲ. ನಾನೇ ಏನೋ ಗಲೀಜು ಮಾಡ್ಬಿಟ್ಟಿದೀನಿ, ಈ ಬ್ಯಾಗ್ ತಗೊಂಡು ಇವ್ರ ಮುಂದೆ ಹೋದ್ರೆ ನನ್ನ ಚರ್ಮ ಸುಲೀತಾರೆ ಅನ್ನಿಸ್ತು. ನಾಳೆ ಸರಿ ಹೋಗ್ಬಹುದು ಅಂತ ಚೆಲ್ಬಿಟ್ಟೆ. ನಾಳೇನೂ ಹಂಗೇ ಇತ್ತು.'

ದೊಡ್ಡ ಸಿಸ್ಟರ್‌ಗೆ ಆಗ ಹೊಳೆಯಿತು. ತನ್ನ ಎದೆ ಢವಗುಟ್ಟುತ್ತಿದ್ದುದು ಕಂಡವರಿಗೆ ಸಿಟ್ಟಾಗಿ ಕಂಡಿತ್ತು. ಹೆದರಿ ಬಿಗಿದುಕೊಂಡ ತುಟಿ, ಗಂಟಿಕ್ಕಿದ ಹುಬ್ಬು, ಎಲ್ಲವೂ ಆ ಹೆಂಗಸಿನ ಅಡುಗೆಮನೆಯಲ್ಲಿ ಬೈಗುಳವಾಗಿ ನಿಂತಿದ್ದವು. ಇಬ್ಬರೂ ಹೆದರಿದ್ದರು, ಒಬ್ಬರಿಗೊಬ್ಬರು ಹೆದರಿದ್ದರು, ನಡುವೆ ಡ್ರೈವರ ಜೀವ ಹೋಗುವುದರಲ್ಲಿತ್ತು. ಆಕೆಗೆ ಅಳು ಬಂತು, ಅಳಲಿಲ್ಲ. ಎದ್ದು ಬೀರುವಿನಿಂದ ಏಪ್ರನ್ ತೆಗೆದಳು.

'ಕಟ್ಕೋ ಇದನ್ನ ಸೊಂಟಕ್ಕೆ. ಬ್ಯಾಗ್ ತಗೋ. ಮಾಡು ನೋಡೋಣ.' ಬಳಿಕ ಕ್ಯಾಮೆರಾದವನ ಕಡೆ ತಿರುಗಿ, 'ಸುತ್ತಿದ ವಯರು ಬಿಚ್ಚಪ್ಪಾ. ಇವಳು ಮಾಡ್ತಾಳೆ, ನಾನು ನೋಡ್ತೀನಿ, ನೀನು ತಗೋ. ನಂಗೆ ಹೇಳಿ ಕೊಡೋಕೆ ಬರೋದು ಹೀಗೊಂದೇ' ಎಂದಳು. ತೆಗೆಯಬಹುದಾ ಎಂದು ಅವನು ಡ್ರೈವರ ಹೆಂಡತಿಯನ್ನು ಕೇಳಿದ. 'ತಗೊಳ್ಳಿ, ನನ್ನ ಥರದವ್ರು ಇನ್ನೂ ಇರ್ತಾರಲ್ಲ' ಎಂದಳು ಆಕೆ.

ಅವನು ಕೆಲಸ ಬಲ್ಲವನು. ತೆಗೆದುದನ್ನು ತೋರಿಸುವ ಪರದೆಯನ್ನು ದೊಡ್ಡ ಸಿಸ್ಟರ್‌ಗೆ ಕಾಣದಂತೆ ತಿರುಗಿಸಿದ. ಆಕೆಯನ್ನೇ ಒಂದು ತುಂಡು ಪ್ಲಾಸ್ಟರು ಕೇಳಿ ಇಸಿದುಕೊಂಡು ಕೆಂಪು ದೀಪದ ಮೇಲೆ ಅಂಟಿಸಿದ. ಶುರು, ಸ್ಟಾಪು ಎನ್ನುವುದನ್ನೇ ಬಿಟ್ಟ. ಬ್ಯಾಗು ಬದಲಿಸುವಾಗ ಇಬ್ಬರೂ ಮಾಸ್ಕ್ ಹಾಕಲೇಬೇಕಲ್ಲ, ಅರ್ಧ ಮುಖ ಮುಚ್ಚಿದ್ದರಿಂದ ದೊಡ್ಡ ಸಿಸ್ಟರ್‌ಗೆ ಇನ್ನೂ ಧೈರ್ಯ ಬಂತು. ಡ್ರೈವರ ಹೆಂಡತಿ ಕೈ ತೊಳೆದಳು, ಬ್ಯಾಗಿನ ಹೊದಿಕೆ ಹರಿದಳು, ನಳಿಗೆಯ ತುದಿಯ ಮುಚ್ಚಳ ತೆಗೆದಳು. ತೆಗೆದವಳು ತುದಿಯನ್ನು ಏಪ್ರನ್ನಿಗೆ ತಾಕಿಸಿಬಿಟ್ಟಳು.

'ಹಾಂ! ಏನು ತಾಗ್ತು?'

'ಏನಿಲ್ಲ ಸಿಸ್ಟರ್, ಸ್ವಲ್ಪ ಬಟ್ಟೆ...'

'ಸ್ವಲ್ಪ ಬಟ್ಟೆ, ಸ್ವಲ್ಪ ಸೋಂಕು, ಸ್ವಲ್ಪ ಆಸ್ಪತ್ರೆ. ತುದಿ ತಾಗಿದ ಮೇಲೆ ಆ ಬ್ಯಾಗು ನಮ್ಮದಲ್ಲ. ಜೋಡಿಸ್ಬೇಡ. ಆ ಕಡೆ ಇಡು. ಹೊಸದು ತಗೋ. ಅಯ್ಯೋ ದಂಡ ಆಯ್ತಲ್ಲ ಅಂತ ನೋಡ್ಬೇಡ ತಾಯಿ, ನಿನ್ನ ಗಂಡ ದಂಡ ಆಗೋದಕ್ಕಿಂತ ವಾಸಿ.'

ಡ್ರೈವರ ಹೆಂಡತಿ ಮಾಸ್ಕಿನೊಳಗೇ ನಕ್ಕಳು. ಕ್ಯಾಮೆರಾದವನ ಹೆಗಲೂ ಕುಲುಕಿತು. ಎರಡನೆಯ ಸಲ ತಾಗಿಸದೆ ಜೋಡಿಸಿದಳು. ದೊಡ್ಡ ಸಿಸ್ಟರ್ ಒಂದು ಹಾಳೆಯನ್ನೂ ನೋಡಲಿಲ್ಲ, ಒಂದು 'ತಕ್ಕದ್ದು' ಕೂಡ ಆ ಬಾಯಿಂದ ಹೊರಬರಲಿಲ್ಲ. ಎಲ್ಲ ಮುಗಿದಾಗ ಅವನು ಬೆವರು ಒರೆಸಿಕೊಂಡು, 'ಇದು ಬಂತು ಸಿಸ್ಟರ್. ಇದು ಚೆನ್ನಾಗಿ ಬಂತು' ಎಂದ.

ಡ್ರೈವರ ಹೆಂಡತಿ ಗಂಡನಿಗೆ ಮಾತ್ರೆ ಕೊಡುವ ಹೊತ್ತಾಯಿತೆಂದು ಹೊರಟಳು. ಉಳಿದಿದ್ದು ಒಂದೇ ಮಾತು, ಮಬ್ಬು ನೀರಿನದು. ಅದನ್ನು ದೊಡ್ಡ ಸಿಸ್ಟರ್ ಒಬ್ಬಳೇ, ಮಾಸ್ಕಿಲ್ಲದೆ, ಲೆನ್ಸನ್ನು ನೋಡಿ ಹೇಳಬೇಕಿತ್ತು. ಏಕೆಂದರೆ ಆ ಹೊತ್ತಿನಲ್ಲಿ ನೋಡುವವರೂ ಒಬ್ಬರೇ ಇರುತ್ತಾರೆ. ಮಾಸ್ಕ್ ತೆಗೆದು ಕುಳಿತದ್ದೇ ಹಳೆಯ ಭೂತ ಮತ್ತೆ ಮೆಟ್ಟಿಕೊಂಡಿತು. 'ಒಂದು ವೇಳೆ ಹೊರಬಂದ ದ್ರವವು...' ಎಂದು ಶುರು ಮಾಡಿ, ತನಗೇ ಹೇಸಿಗೆಯಾಗಿ ನಿಲ್ಲಿಸಿದಳು.

ಕ್ಯಾಮೆರಾದವನು ಮೇಜಿನಿಂದ ಪೆನ್ನು ಎತ್ತಿಕೊಂಡ. ಉಳಿದ ಪ್ಲಾಸ್ಟರಿನ ಮೇಲೆ ದಪ್ಪ ಅಕ್ಷರದಲ್ಲಿ 'ಬೆಳಕು, ಅಕ್ಷರ, ಎಸೀಬೇಡಿ, ಫೋನ್' ಎಂದಷ್ಟೇ ಬರೆದು ಲೆನ್ಸಿನ ಕೆಳಗೆ ಅಂಟಿಸಿದ. 'ಇಷ್ಟೇ ಸಿಸ್ಟರ್. ಮಿಕ್ಕಿದ್ದು ನಿಮ್ಮ ಹತ್ರಾನೇ ಇದೆ' ಎಂದು ಲೆನ್ಸಿನ ಎತ್ತರವನ್ನು ಆಕೆಯ ಕಣ್ಣಿನ ಮಟ್ಟಕ್ಕೆ ಇಳಿಸಿ, ತಾನು ಹಿಂದೆ ಸರಿದು ಗೋಡೆಗೆ ಒರಗಿ ನಿಂತ.

ದೊಡ್ಡ ಸಿಸ್ಟರ್ ಕುರ್ಚಿಗೆ ಬೆನ್ನು ಕೊಟ್ಟಳು. ಮಂಡಿ ಸಿಡಿಯುತ್ತಿತ್ತು. ಮನೆಗೆ ಹೋಗಿ ಕಾಲು ಚಾಚಿದರೆ ಸಾಕು ಎನ್ನಿಸುತ್ತಿತ್ತು. ಚೆನ್ನಾಗಿ ಕಾಣಬೇಕು, ತಪ್ಪಬಾರದು ಎನ್ನುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು, ಅದು ಆಗ ಆಕೆಯಲ್ಲಿ ಉಳಿದಿರಲಿಲ್ಲ. ಆ ಕರಿ ಗಾಜಿನ ಆಚೆ ಡ್ರೈವರ ಹೆಂಡತಿ ಬ್ಯಾಗು ಹಿಡಿದು ನಿಂತಂತೆ, ಕಸದ ಬುಟ್ಟಿಯನ್ನೂ ಬ್ಯಾಗನ್ನೂ ನೋಡುತ್ತಿದ್ದಂತೆ ಅನ್ನಿಸಿತು.

'ಇಲ್ಲಿ ಕೇಳಿ' ಎಂದಳು. ದನಿ ಸ್ವಲ್ಪ ಒಡೆದಿತ್ತು, ಸರಿಮಾಡಿಕೊಳ್ಳಲಿಲ್ಲ. 'ಇಳಿದ ನೀರಿನ ಬ್ಯಾಗನ್ನ ಬೆಳಕಿಗೆ ಹಿಡೀರಿ. ಹಿಂದೆ ಒಂದು ಪೇಪರ್ ಇಡಿ. ಅಕ್ಷರ ಓದೋಕಾಗ್ತಿದೆಯಾ? ಆದ್ರೆ ಸರಿ. ಮಬ್ಬು ಮಬ್ಬಾಗಿ ಕಾಣ್ತಿದೆಯಾ? ಹೆದರ್ಕೋಬೇಡಿ. ಎಸೀಬೇಡಿ. ನಾಳೆ ನೋಡೋಣ ಅನ್ಬೇಡಿ, ನೋವಿಲ್ಲ ಜ್ವರ ಇಲ್ಲ ಅಂತ ಕೂತ್ಕೋಬೇಡಿ. ನಮಗೆ ಫೋನ್ ಮಾಡಿ, ಬ್ಯಾಗ್ ತಗೊಂಡು ಇವತ್ತೇ ಬನ್ನಿ. ನಾನೇನೋ ತಪ್ಪು ಮಾಡ್ಬಿಟ್ಟೆ, ಸಿಸ್ಟರ್ ಬೈತಾರೆ ಅಂತ ಅಂದ್ಕೊಂಡಿದ್ರೆ...' ಇಲ್ಲಿ ಆಕೆ ತಡೆದಳು. ಮಾತು ಮರೆತದ್ದಲ್ಲ. 'ಬೈಯೋದಿಲ್ಲ. ಎಷ್ಟೇ ಚೆನ್ನಾಗಿ ಮಾಡಿದ್ರೂ ಒಂದೊಂದ್ಸಲ ಆಗುತ್ತೆ. ಬೈಯೋದಿಲ್ಲ, ತನ್ನಿ.'

ಕ್ಯಾಮೆರಾದವನು ಗೋಡೆ ಬಿಟ್ಟು ಬಂದು ಬಟನ್ನು ಒತ್ತಿದ. ಇನ್ನೊಂದು ಸಲ ತಗೊಳ್ಳೋಣವೇ ಎಂದು ಅವನೂ ಕೇಳಲಿಲ್ಲ, ಆಕೆಯೂ ಕೇಳಲಿಲ್ಲ.

ಮನೆಯಲ್ಲಿ ಮೇಷ್ಟ್ರು ಅದನ್ನು ಕನ್ನಡಕ ಹಾಕಿಕೊಂಡು ನೋಡಿದರು. 'ವ್ಯಾಕರಣ ಅನ್ನೋದೇ ಇಲ್ವಲ್ಲೇ ಇದರಲ್ಲಿ' ಎಂದರು. ಕೊನೆಯವರೆಗೂ ನೋಡಿದರು. ಮುಗಿದ ಮೇಲೆ ಫೋನನ್ನು ಕೈಯಲ್ಲೇ ಹಿಡಿದು, 'ಆ ಹಳೇದನ್ನ ನಾನೇ ಹಾಳು ಮಾಡಿದ್ದು ಅಲ್ವಾ?' ಎಂದು ಕೇಳಿದರು. 'ನೀವು ಬರೆದ್ರಿ, ನಾನು ಓದಿದೆ. ಈಗ ಏಳಿ, ಊಟಕ್ಕೆ' ಎಂದಳು.

ಡ್ರೈವರು ಮನೆಗೆ ಹೋದರು. ಕೊನೆಯಲ್ಲಿ ಆಸ್ಪತ್ರೆಯ ಹೆಸರು, ಫೋನ್ ನಂಬರು ಹೊತ್ತ ಹೊಸ ವಿಡಿಯೋ ಹಳೆಯದರ ಜಾಗಕ್ಕೆ ಬಂತು. ಅದು ಎಲ್ಲೆಲ್ಲಿಗೆ ಹೋಯಿತು, ಯಾರು ನೋಡಿದರು, ಬಿಟ್ಟರು, ಆಕೆಗೆ ತಿಳಿಯುವ ದಾರಿಯೇ ಇರಲಿಲ್ಲ. ಕಲಿಸುವುದು, ಗಂಟಲು ಕಟ್ಟುವುದು, ಮಂಡಿಗೆ ಎಣ್ಣೆ ತಿಕ್ಕುವುದು ಮೊದಲಿನಂತೆಯೇ ನಡೆದಿತ್ತು.

ನಿವೃತ್ತಿ ಹತ್ತಿರ ಬಂದಿದ್ದಾಗ ಒಂದು ಬೆಳಿಗ್ಗೆ, ಆಕೆ ಇನ್ನೂ ಚಪ್ಪಲಿ ಬದಲಿಸುತ್ತಿರುವಾಗಲೇ, ಅಪರಿಚಿತ ಗಂಡಸೊಬ್ಬ ಬಾಗಿಲಿಗೆ ಬಂದ. ಅಂಗಿಯ ಗುಂಡಿ ಮೇಲೆ ಕೆಳಗಾಗಿ ಹಾಕಿಕೊಂಡಿದ್ದ. ಎಡಗೈಯಲ್ಲಿ ಮುದುಕಿ ತಾಯಿಯ ರಟ್ಟೆ, ಬಲಗೈಯಲ್ಲಿ ಪ್ಲಾಸ್ಟಿಕ್ ಕವರು. ಆಕೆಯನ್ನು ಕಂಡದ್ದೇ ಬಹಳ ದಿನದ ಪರಿಚಯವಿದ್ದವನಂತೆ ನೇರ ಹತ್ತಿರ ಬಂದು ಕವರನ್ನು ಮುಂದಕ್ಕೆ ಹಿಡಿದ.

'ಎಸೀಲಿಲ್ಲ ಅಕ್ಕಾ. ನೀವು ಹೇಳ್ದಂಗೇ ತಂದಿದೀನಿ.'

ಒಳಗೆ ಬ್ಯಾಗಿತ್ತು. ಬೆಳಕಿಗೆ ಹಿಡಿದಳು. ಮಬ್ಬಾಗಿತ್ತು. ಮುದುಕಿಯ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನೋಡಿದಳು, ನೋವು ಆಗಷ್ಟೇ ಶುರುವಾಗುತ್ತಿತ್ತು. ಜ್ವರ ಇರಲಿಲ್ಲ. ಹೊತ್ತು ಮೀರಿರಲಿಲ್ಲ. ಚಿಕ್ಕ ಸಿಸ್ಟರನ್ನು ಕೂಗಿ ಬ್ಯಾಗನ್ನು ಲ್ಯಾಬಿಗೆ ಓಡಿಸಿದಳು, ಡಾಕ್ಟರಿಗೆ ಹೇಳಿಕಳಿಸಿದಳು, ಮುದುಕಿಯನ್ನು ಮಂಚದ ಮೇಲೆ ಮಲಗಿಸಿದಳು. ಆಮೇಲೆ ಆ ಗಂಡಸಿನ ಕಡೆ ತಿರುಗಿದಳು.

'ನಿಮ್ಮ ತಾಯಿಗೆ ನಳಿಗೆ ಹಾಕಿದ್ದು ಎಲ್ಲಿ?'

ಅವನು ಬೇರೊಂದು ಆಸ್ಪತ್ರೆಯನ್ನು ಹೇಳಿದ. ಆಕೆ ಅಲ್ಲಿಗೆ ಒಮ್ಮೆಯೂ ಹೋದವಳಲ್ಲ.

'ಮತ್ತೆ ನಾನು ಹೇಳಿದೆ ಅಂತೀರಿ. ನಾನು ಯಾವಾಗಪ್ಪಾ ಹೇಳ್ದೆ ನಿಮಗೆ?'

'ಇವತ್ತು ಬೆಳಿಗ್ಗೇನೇ ಹೇಳಿದ್ರಲ್ಲ ಅಕ್ಕಾ, ಮನೇಲಿ' ಎಂದ, ಆಕೆ ಮರೆತುಬಿಟ್ಟಳಲ್ಲ ಎಂಬ ಅಚ್ಚರಿಯಲ್ಲಿ. ಆಮೇಲೆ ತಾನು ಏನು ಹೇಳಿದೆನೆಂದು ಹೊಳೆದು ಅವನ ಮುಖ ಕೆಂಪಾಯಿತು. ತಾಯಿಯ ಕಡೆ ನೋಡಿದ. 'ನಾನೇ ನಿನ್ನೆ ಕೈ ಸರಿಯಾಗಿ ತೊಳೀಲಿಲ್ಲವೇನೋ. ಬ್ಯಾಗ್ ನೋಡಿದ ತಕ್ಷಣ ಚೆಲ್ಲೋಕೆ ಬಚ್ಚಲಿಗೆ ಹೋಗಿದ್ದೆ. ಬೈಯೋದಿಲ್ಲ ಅಂದ್ರಲ್ಲ, ಅದಕ್ಕೆ ತಂದೆ.'